ಹಬ್ಬದ ದಿನ ಮಲಗಿದ ಕಂಪ್ಯೂಟರ್

2024ರ ಆಗಸ್ಟ್ 16, ವರಮಹಾಲಕ್ಷ್ಮಿ ಹಬ್ಬ. ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ನಮ್ಮ ದಿನಸಿ ಅಂಗಡಿಯ ಬಾಗಿಲನ್ನು ಬೆಳಿಗ್ಗೆ ಆರಕ್ಕೇ ತೆಗೆದಿದ್ದೆ. ಬೆಲ್ಲ, ಕಡಲೆಬೇಳೆ, ತೆಂಗಿನಕಾಯಿಗೆ ಜನ ಸೇರಿದ್ದರು. ಎರಡು ಬಿಲ್ ಹಾಕುವಷ್ಟರಲ್ಲಿ ಪರದೆ ನೀಲಿಯಾಯಿತು. ಅಪ್‌ಡೇಟ್ ನಡೆಯುತ್ತಿದೆ, ಆಫ್ ಮಾಡಬೇಡಿ ಎಂಬ ಸೂಚನೆ ಬಂತು.

ಅರ್ಧ ಗಂಟೆಯ ಮೇಲೆ ಕಂಪ್ಯೂಟರ್ ಎದ್ದಿತು, ಆದರೆ ಬಿಲ್ ಮಾತ್ರ ಹೊರಗೆ ಬರಲಿಲ್ಲ.

ಸಾಲಿನಲ್ಲಿದ್ದ ಅಜ್ಜಿಯೊಬ್ಬರು, "ಸಾಮಾನು ಕಣ್ಮುಂದೇನೇ ಐತೆ, ಕೊಡಾಕೆ ಏನಾಗೈತೆ ಮಗಾ?" ಎಂದರು. ನಾಚಿಕೆಯಾಯಿತು. ಪೊಟ್ಟಣದ ಸಾಮಾನಿಗೆ ಬೆಲೆ ಅಚ್ಚಾಗಿರುತ್ತದೆ. ಬಿಡಿ ಸಾಮಾನಿನ ದರವೆಲ್ಲ ಕಂಪ್ಯೂಟರಿನಲ್ಲಿತ್ತು, ನನ್ನ ತಲೆಯಲ್ಲಿರಲಿಲ್ಲ! ನನ್ನ ಹೆಂಡತಿ ನೆನಪಿನಿಂದಲೇ ಒಂದೊಂದು ದರ ಹೇಳಿದಳು. ರಟ್ಟಿನ ಮೇಲೆ ಬರೆದು ನೇತುಹಾಕಿದೆ.

ಹಳೆಯ ಬಿಲ್ ಪುಸ್ತಕ, ಕಾರ್ಬನ್ ಹಾಳೆ ಹೊರಬಂದವು. ಜಿಎಸ್‌ಟಿ ಇದ್ದರೂ ಕೈಬರಹದ ಬಿಲ್ ನಡೆಯುತ್ತದೆ. ಕ್ರಮಸಂಖ್ಯೆ ಮಾತ್ರ ತಪ್ಪಬಾರದು. ಕಂಪ್ಯೂಟರ್ ಬಿಲ್ಲುಗಳೊಂದಿಗೆ ಬೆರೆಯದಿರಲೆಂದು ಅವಕ್ಕೆ ಬೇರೆಯೇ ಸರಣಿ ಕೊಟ್ಟೆ. ತೂಕ, ದರ, ಮೊತ್ತ ಮೂರನ್ನೂ ಬರೆದೆ.

ಮಧ್ಯಾಹ್ನ ಬಿಡುವಾದಾಗ ರಿಪೇರಿಯ ಹುಡುಗನಿಗೆ ಫೋನ್ ಮಾಡಿದೆ. "ಅಣ್ಣಾ, ಪ್ರಿಂಟರ್ ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಇದೆಯಾ ನೋಡಿ" ಎಂದ. ಇತ್ತು. ಹಳೆಯದು ಮಸುಕಾಗಿತ್ತು, ಹೊಸದರ ಹೆಸರಿನ ಮುಂದೆ Copy 1 ಎಂದಿತ್ತು. ಅಪ್‌ಡೇಟ್ ಆದ ಮೇಲೆ ಕಂಪ್ಯೂಟರ್ ಅದೇ ಪ್ರಿಂಟರನ್ನು ಹೊಸದೆಂದು ತಿಳಿದು USB002 ಎಂಬ ಪೋರ್ಟಿಗೆ ಸೇರಿಸಿತ್ತು. ಬಿಲ್ಲಿಂಗ್ ತಂತ್ರಾಂಶ ಮಾತ್ರ ಹಳೆಯ USB001ಕ್ಕೇ ಬಿಲ್ ಕಳಿಸುತ್ತಿತ್ತು. ಹಳೆಯ ಪ್ರಿಂಟರಿನ Ports ಪುಟದಲ್ಲಿ USB002 ಆರಿಸಿದ್ದೇ ತಡ, ಬೆಳಗಿನ ಬಿಲ್ಲುಗಳು ಸರಸರ ಹೊರಬಂದವು.

ಬೆಳಿಗ್ಗೆಯೇ ಏಕೆ ಹೀಗಾಯಿತು? ಕೆಲಸದ ಹೊತ್ತಿನಲ್ಲಿ ತಾನಾಗಿ ರೀಸ್ಟಾರ್ಟ್ ಆಗದಿರಲೆಂದು Active hours ಎಂಬ ಆಯ್ಕೆ ಇದೆ. ನಮ್ಮಲ್ಲಿ ಅದು ಬೆಳಿಗ್ಗೆ 8ರಿಂದ ಸಂಜೆ 5 ಎಂದಿತ್ತು. ಕಚೇರಿಯ ವೇಳೆ ಅದು, ಆರಕ್ಕೆ ತೆರೆಯುವ ಅಂಗಡಿಯದಲ್ಲ. ಈಗ 5ರಿಂದ ರಾತ್ರಿ 10 ಎಂದು ಬದಲಿಸಿದ್ದೇನೆ. ಈ ಅಪ್‌ಡೇಟ್ ಸಾಮಾನ್ಯವಾಗಿ ತಿಂಗಳ ಎರಡನೇ ಮಂಗಳವಾರ ಬಿಡುಗಡೆಯಾಗುತ್ತದೆ. ಆ ಸಲ ಅದು 13ನೇ ತಾರೀಖು, ಹಬ್ಬಕ್ಕೆ ಮೂರೇ ದಿನ ಮೊದಲು. ಭದ್ರತೆಗೆ ಬೇಕಾದ್ದರಿಂದ ಪೂರ್ತಿ ನಿಲ್ಲಿಸುವಂತಿಲ್ಲ. ಹಬ್ಬದ ವಾರ Pause updates ಒತ್ತಿ ಮುಂದೂಡುತ್ತೇನೆ. ಹಬ್ಬ ಕಳೆದ ಮೇಲೆ, ವ್ಯಾಪಾರ ಕಡಿಮೆಯಿರುವ ದಿನ ನಾನೇ ಹಾಕಿ, ಒಂದು ಬಿಲ್ ತೆಗೆದು ನೋಡುತ್ತೇನೆ.

ರಾತ್ರಿ ಕೈಬಿಲ್ಲುಗಳನ್ನು ಕಂಪ್ಯೂಟರಿಗೆ ಏರಿಸುವಾಗ ಒಂದರಲ್ಲಿ ಕಣ್ಣು ನಿಂತಿತು. ಅರ್ಧ ಕೆ.ಜಿ. ಕಡಲೆಬೇಳೆಗೆ ಒಂದು ಕೆ.ಜಿ.ಯ 100 ರೂಪಾಯಿ ಹಾಕಿದ್ದೆ. ಬಿಲ್ ಆ ಅಜ್ಜಿಯದೇ! ತೂಕ ಬರೆಯದಿದ್ದರೆ ತಪ್ಪು ತಿಳಿಯುತ್ತಲೇ ಇರಲಿಲ್ಲ.

ಮರುದಿನ ಅವರ ಮನೆಗೆ ಹೋಗಿ 50 ರೂಪಾಯಿ ಕೊಟ್ಟೆ. ಅಜ್ಜಿ ನೋಟನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತಾ, "ನಿನ್ ಮಿಷಿನ್ ಎದ್ದು ಕೂತ್ಕಂತಾ?" ಎಂದು ನಕ್ಕರು.

ದರದ ರಟ್ಟು ಈಗಲೂ ಗೋಡೆಯ ಮೇಲಿದೆ. ಪ್ರತಿ ಸೋಮವಾರ ಅದರ ದರಗಳನ್ನು ತಿದ್ದುತ್ತೇನೆ.