ಕೆಲಸ ಕೇಳದೆ ಕಳಿಸಿದ ಒಂದು ಮೆಸೇಜ್

ಭದ್ರಾವತಿಯಲ್ಲಿರುವ ನನ್ನ ಚಿಕ್ಕಮ್ಮನ ಮಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಾನೆ. ಅವನಿಗೆ ಫೌಂಡ್ರಿ ಕೆಲಸದ ಮೇಲೆ ಕಣ್ಣು. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ ಇದೆಯಲ್ಲ, ಅಲ್ಲಿ ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವ ಘಟಕಗಳಿವೆ. ಅವನು ಸಿಕ್ಕ ಸಿಕ್ಕ ನಂಬರಿಗೆಲ್ಲ ಹೀಗೊಂದು ವಾಟ್ಸ್‌ಆಪ್ ಕಳಿಸುತ್ತಿದ್ದ:

"ಸರ್, ನಾನು ಡಿಪ್ಲೊಮಾ ಮಾಡಿದ್ದೇನೆ. ನಿಮ್ಮಲ್ಲಿ ಯಾವುದಾದರೂ ಕೆಲಸ ಇದ್ದರೆ ದಯವಿಟ್ಟು ಕೊಡಿಸಿ. ಬಯೋಡೇಟಾ ಕಳಿಸಿದ್ದೇನೆ."

ಬಂದರೆ ಒಂದೇ ಉತ್ತರ: "ಈಗ ಖಾಲಿ ಇಲ್ಲ." ಪಾಪ, ಅವರಾದರೂ ಇನ್ನೇನು ಹೇಳಬೇಕು? ಕ್ವಾಲಿಟಿ ವಿಭಾಗದಲ್ಲಿ ಇರುವವರಿಗೆ ಕೆಲಸ ಕೊಡುವ ಅಧಿಕಾರ ಸಾಮಾನ್ಯವಾಗಿ ಇರುವುದಿಲ್ಲ. ಅವರ ಹತ್ತಿರ ಇರುವುದು ಆ ಕೆಲಸದ ತಿಳಿವಳಿಕೆ. ಇಲ್ಲದ್ದನ್ನು ಕೇಳಿದರೆ "ಇಲ್ಲ" ಅಂತಾರೆ, ಇರುವುದನ್ನು ಕೇಳಿದರೆ ಮಾತಾಡಬಹುದು.

ಭದ್ರಾವತಿಯ ಹಿಂದಿನ ತಲೆಮಾರಿಗೆ ಈ ಮೆಸೇಜಿನ ಅಗತ್ಯ ಅಷ್ಟಾಗಿ ಇರಲಿಲ್ಲ. 1923ರಿಂದ ಕಬ್ಬಿಣ ತೆಗೆದ ಕಾರ್ಖಾನೆ ಒಂದು ಕಡೆ, ಕಾಗದ ಕಾರ್ಖಾನೆ ಇನ್ನೊಂದು ಕಡೆ. ಒಳಗೆ ಯಾವ ಪಾಳಿ, ಯಾವ ಕೆಲಸ ಎಂಬುದೆಲ್ಲ ಕಾಲೋನಿಯ ಜಗಲಿಯಲ್ಲೇ ಕಿವಿಗೆ ಬೀಳುತ್ತಿತ್ತು. ಈಗ ಕಾಗದ ಕಾರ್ಖಾನೆ ನಿಂತಿದೆ, ಕಬ್ಬಿಣದ್ದು ಸೊರಗಿದೆ. ಆ ಜಗಲಿಯ ಮಾತನ್ನು ನಾವೇ ಕೇಳಿ ಪಡೆಯಬೇಕು.

ವರದಿಗಾರಿಕೆಯಲ್ಲಿ ನನಗಿದು ದಿನದ ಕೆಲಸ. ಗೊತ್ತಿಲ್ಲದವರ ಹದಿನೈದು ನಿಮಿಷ ಕೇಳುವುದು. ಹಾಗಾಗಿ ಇಬ್ಬರೂ ಕೂತು ಬರೆದೆವು. ಮೊದಲು ಅವನ ಸೀನಿಯರ್ ಒಬ್ಬನಿಗೆ ಹೇಳಿ, ಒಂದು ಘಟಕದ ಕ್ವಾಲಿಟಿ ಮ್ಯಾನೇಜರನ್ನು ಕೇಳಿಯೇ ಅವರ ನಂಬರ್ ತೆಗೆದುಕೊಂಡೆವು. ಆಮೇಲೆ ಇದು:

"ನಮಸ್ತೆ ಸರ್. ನಾನು ಭದ್ರಾವತಿಯವನು, ಈ ವರ್ಷ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದೆ. ನಿಮ್ಮ ನಂಬರ್ ನನ್ನ ಸೀನಿಯರ್ ಕೊಟ್ಟರು. ಮುಂದೆ ಫೌಂಡ್ರಿಯ ಕ್ವಾಲಿಟಿ ವಿಭಾಗಕ್ಕೆ ಬರಬೇಕು ಅಂತಿದ್ದೇನೆ. ಈಗ ಕೆಲಸ ಕೇಳುತ್ತಿಲ್ಲ. ಹೊಸಬರಿಗೆ ಮೊದಲ ಆರು ತಿಂಗಳು ಏನು ಕೆಲಸ ಇರುತ್ತದೆ, ಅದಕ್ಕೆ ಏನು ಕಲಿತಿರಬೇಕು ಎಂದು ತಿಳಿಯಬೇಕಿತ್ತು. ಈ ವಾರ ಯಾವಾಗಾದರೂ 15 ನಿಮಿಷ ಫೋನಿನಲ್ಲಿ ಮಾತಾಡಬಹುದೇ? ಬಿಡುವಿಲ್ಲದಿದ್ದರೆ ಪರವಾಗಿಲ್ಲ ಸರ್."

"ಮುಂದೆ ಬರಬೇಕು ಅಂತಿದ್ದೇನೆ" ಎಂಬ ಮಾತನ್ನು ತೆಗೆಯೋಣ ಅಕ್ಕಾ, ಆಸೆ ಕಂಡುಬಿಡುತ್ತೆ ಎಂದ. ಇರಲಿ ಎಂದೆ. ಮನಸ್ಸಿನಲ್ಲಿ ಕೆಲಸ ಇಟ್ಟುಕೊಂಡು ಸುಮ್ಮನೆ ಕುತೂಹಲ ಎಂದು ನಟಿಸಿದರೆ ಎದುರಿನವರಿಗೆ ಗೊತ್ತಾಗಿಯೇ ಆಗುತ್ತದೆ. ಬಯೋಡೇಟಾ ಮಾತ್ರ ಬೇಡ ಎಂದೆ. ಅದನ್ನು ಅಂಟಿಸಿದ ಕ್ಷಣಕ್ಕೆ ಇದೂ ಅರ್ಜಿಯೇ ಆಗಿಬಿಡುತ್ತದೆ.

ಎರಡು ದಿನ ಉತ್ತರವಿಲ್ಲ. ಕರಗಿದ ಲೋಹ ಹೊಯ್ಯುವ ಹೊತ್ತಿನಲ್ಲಿ ಯಾರೂ ಫೋನ್ ನೋಡುತ್ತಾ ಕೂರುವುದಿಲ್ಲ. ವಾರ ಕಳೆದ ಮೇಲೆ ಒಂದೇ ಒಂದು ಸಲ ನೆನಪಿಸೋಣ, ಆಮೇಲೆ ಬಿಡೋಣ ಎಂದುಕೊಂಡಿದ್ದೆವು. ಮೂರನೇ ದಿನ ಬಂತು: "ಭಾನುವಾರ 11ಕ್ಕೆ ಮಾಡು."

ಅವನ ಮುಂದೆ ಹಾಳೆಯಲ್ಲಿ ನಾಲ್ಕು ಪ್ರಶ್ನೆ ಇದ್ದವು. ಸಂಬಳ ಎಷ್ಟು ಎಂಬುದು ಇರಲಿಲ್ಲ. ಮೊದಲನೆಯದಕ್ಕೇ ಅವರು ಬಿಚ್ಚಿ ಮಾತಾಡಿದರು. "ನೋಡಪ್ಪಾ, ಮೊದಲು ನಿನ್ನನ್ನು ಮರಳಿನ ಹತ್ತಿರ ನಿಲ್ಲಿಸ್ತಾರೆ." ಅಚ್ಚು ಮಾಡುವ ಮರಳಿನಲ್ಲಿ ತೇವ ಎಷ್ಟಿದೆ, ಗಾಳಿ ಹೊರಹೋಗುತ್ತದೆಯೇ, ಗಟ್ಟಿ ನಿಲ್ಲುತ್ತದೆಯೇ ಎಂದು ಪಾಳಿಯಲ್ಲಿ ಮತ್ತೆ ಮತ್ತೆ ಪರೀಕ್ಷೆ ಮಾಡಿ ಬರೆದಿಡಬೇಕು. ತೇವ ಹೆಚ್ಚಾದರೆ ಬಿಸಿ ಲೋಹ ತಾಗಿ ಆವಿ ಏಳುತ್ತದೆ, ಅದು ಹೊರಹೋಗದಿದ್ದರೆ ಎರಕದೊಳಗೆ ತೂತು ಉಳಿಯುತ್ತದೆ. ಮೇಲೆ ನುಣ್ಣಗಿದ್ದ ಎರಕ ಮೆಷಿನಿಗೆ ಹೋದಾಗ ಆ ತೂತು ಕಾಣುತ್ತದೆ, ಆಗ ಎಲ್ಲರೂ ಹುಡುಕುವುದು ಮರಳಿನ ರಿಜಿಸ್ಟರನ್ನು. ಸುಳ್ಳು ಅಂಕಿ ಬರೆಯುವವನು ಅಲ್ಲಿ ಸಿಕ್ಕಿಬೀಳುತ್ತಾನೆ ಎಂದರು. ರಾತ್ರಿ ಪಾಳಿ ತಪ್ಪುವುದಿಲ್ಲ ಎಂದೂ ಹೇಳಿದರು.

ಆಮೇಲೆ ಅವರೇ ಕೇಳಿದರು: "ಡ್ರಾಯಿಂಗ್ ಓದಕ್ಕೆ ಬರುತ್ತಾ? ವರ್ನಿಯರ್ ಹಿಡಿದು ಎಷ್ಟು ದಿನ ಆಯ್ತು?" ಇವನು ಪರೀಕ್ಷೆಗೆ ಹಿಡಿದದ್ದೇ ಕೊನೆ.

ಹದಿನೈದು ನಿಮಿಷಕ್ಕೆ "ಸರ್, ಟೈಮ್ ಆಯ್ತು" ಎಂದ. ಅವರೇ ಇನ್ನೂ ಹತ್ತು ನಿಮಿಷ ಎಳೆದರು. ಸಂಜೆ ಎರಡು ಸಾಲಿನ ಧನ್ಯವಾದ ಕಳಿಸಿದ, ಅದರಲ್ಲಿ ಮರಳಿನ ಮಾತನ್ನು ನೆನೆದ. ಬರೀ ಕೈಮುಗಿದ ಇಮೋಜಿ ಕಳಿಸಿದ್ದರೆ ಏನು ಕೇಳಿಸಿಕೊಂಡ ಎಂಬುದು ಅವರಿಗೆ ತಿಳಿಯುತ್ತಿರಲಿಲ್ಲ.

ಕೆಲಸ ಸಿಕ್ಕಿತಾ ಎಂದು ಚಿಕ್ಕಮ್ಮ ಅವತ್ತೇ ಕೇಳಿದರು. ಇಲ್ಲ. ಒಂದು ವರ್ಕ್‌ಶಾಪಿನಲ್ಲಿ ಸಂಜೆ ಹೊತ್ತು ಅಳತೆ ತೆಗೆಯುವುದನ್ನು ಕಲಿಯಲು ಹೋಗತೊಡಗಿದ. ಎರಡು ತಿಂಗಳ ಮೇಲೆ ಅದನ್ನೇ ಒಂದು ಸಾಲಿನಲ್ಲಿ ಅವರಿಗೆ ತಿಳಿಸಿದ, ಬೇರೇನೂ ಕೇಳಲಿಲ್ಲ. ಆಗ ಅವರೇ ಬರೆದರು: "ಬಯೋಡೇಟಾ ಇದ್ರೆ ಕಳಿಸಿರು." ಒಂದೇ ಪುಟದ ಪಿಡಿಎಫ್ ಮಾಡಿ, ಫೈಲಿಗೆ ತನ್ನ ಹೆಸರಿಟ್ಟು, ವರ್ನಿಯರನ್ನೂ ಡ್ರಾಯಿಂಗನ್ನೂ ಮೇಲಿನ ಸಾಲಿಗೆ ತಂದು ಕಳಿಸಿದ್ದಾನೆ. ನೀಲಿ ಟಿಕ್ ಬಿದ್ದಿದೆ.