ಗೇಟು ತಪ್ಪಿದವರ ಮೆಚ್ಚುಗೆ

ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಊಟಿಗೋ ವಯನಾಡಿಗೋ ಹೊರಟು ಗೇಟು ತಪ್ಪಿಸಿಕೊಂಡವರು ಗುಂಡ್ಲುಪೇಟೆಯಲ್ಲೇ ಉಳೀಬೇಕು. ಅಂಥವರನ್ನೇ ನಂಬಿಕೊಂಡ ಒಂದು ಸಣ್ಣ ಲಾಡ್ಜಿಗೆ ಇನ್‌ಸ್ಟಾಗ್ರಾಮ್ ಪೋಸ್ಟ್ ಮಾಡಿಕೊಡಲು ಚಾಮರಾಜನಗರದಿಂದ ನಾವು ಮೂವರು ಹೋಗಿದ್ದೆವು.

ಅಲ್ಲಿನ 40 ಗೂಗಲ್ ರಿವ್ಯೂಗಳಲ್ಲಿ ಮಾಲೀಕರಿಗೆ ಒಂದು ಬಹಳ ಹಿಡಿಸಿತ್ತು. ಊರು, ಕಾಯಿಲೆ ಬದಲಿಸಿ ಹೇಳುವುದಾದರೆ ಅದು ಹೀಗಿತ್ತು: "ಹಾರ್ಟ್ ಆಪರೇಷನ್ ಆದ ಅಮ್ಮನನ್ನು ಕೋಯಿಕ್ಕೋಡಿಗೆ ಕರೆದೊಯ್ಯುತ್ತಿದ್ದೆ, ಗೇಟ್ ಮುಚ್ಚಿತ್ತು. ರಾತ್ರಿ ಹತ್ತೂವರೆಗೆ ಗಂಜಿ ಮಾಡಿಕೊಟ್ಟರು. ಬಿಸಿನೀರು ತಡವಾಗಿ ಬಂತು. ಆದರೂ ಮತ್ತೆ ಬರ್ತೀವಿ."

"ಹೆಸ್ರು ತೆಗ್ದು ಹಾಕ್ಬಿಡಿ ಕಣ್ರಪ್ಪ. ಬಿಸಿನೀರಿನ ವಿಷ್ಯ ಬೇಡ. ಕೊನೇಲಿ 'ಮನೆ ಊಟದ ರುಚಿ' ಅಂತ ಸೇರ್ಸಿ" ಅಂದರು ಮಾಲೀಕರು.

ಹೆಸರು ತೆಗೆದರೆ ಸಾಲದು. ಊರು, ಆಪರೇಷನ್, ಪ್ರಯಾಣದ ರಾತ್ರಿ ಮೂರೂ ಸೇರಿದರೆ ನೆಂಟರಿಗೆ ಆಳು ಗೊತ್ತಾಗಿಬಿಡುತ್ತದೆ. ಅಮ್ಮನ ಕಾಯಿಲೆ ಅಮ್ಮನದು. ಅದನ್ನು ಬರೆದದ್ದು ಮಗ. ಇನ್ನೊಂದು ತೊಡಕೂ ಇದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಆ ಲಾಡ್ಜಿನ ರಿವ್ಯೂಗಳೊಳಗೆ 'ಗಂಜಿ' ಅಂತ ಹುಡುಕಿದರೆ ಮೂಲ ಬರಹ ಹೆಸರು, ಫೋಟೋ ಸಮೇತ ಸಿಗುತ್ತದೆ. ಸಿಗಬಾರದೆಂದು ಮಾತನ್ನೇ ತಿರುಚಿದರೆ ಅದು ಅವರ ಮಾತಾಗಿ ಉಳಿಯುವುದಿಲ್ಲ. ಹಾಗಾಗಿ ಒಪ್ಪಿಗೆ ಕೇಳಲೇಬೇಕಿತ್ತು. ರಿಜಿಸ್ಟರಿನಲ್ಲಿ ಫೋನ್ ನಂಬರ್ ಇತ್ತು, ಆದರೆ ಅದನ್ನು ಕೊಟ್ಟದ್ದು ರೂಮಿಗಾಗಿ, ಜಾಹೀರಾತಿಗಲ್ಲ. ಮಾಲೀಕರು ರಿವ್ಯೂ ಕೆಳಗೆ ಧನ್ಯವಾದ ಬರೆದು, ಇದನ್ನು ಬಳಸಬಹುದೇ ಎಂದು ಕೇಳಿ, ಲಾಡ್ಜಿನ ನಂಬರ್ ಹಾಕಿದರು. ಎರಡು ದಿನಕ್ಕೆ ಮೆಸೇಜ್ ಬಂತು: "ಗಂಜಿ ಮಾತು ಹಾಕಿ. ಅಮ್ಮನ ವಿಷಯ ಬೇಡ."

'ಮನೆ ಊಟದ ರುಚಿ' ಅಂತ ಅವರು ಎಲ್ಲೂ ಹೇಳಿರಲಿಲ್ಲ, ಬಿಟ್ಟೆವು. ಕತ್ತರಿಸುವುದರಿಂದಲೂ ಸುಳ್ಳು ಹುಟ್ಟುತ್ತದೆ. 'ಆದರೂ' ಎಂಬ ಒಂದು ಪದ ತೆಗೆದು 'ಮತ್ತೆ ಬರ್ತೀವಿ' ಅಂತ ಹಾಕಿದರೆ, ಕೊರತೆ ಸಹಿಸಿಕೊಂಡು ಆಡಿದ ಮಾತು ಪೂರ್ತಿ ಹೊಗಳಿಕೆಯಾಗುತ್ತದೆ. ಜಾಹೀರಾತಿನಲ್ಲಿ ಬರುವ ಶಿಫಾರಸು ಹೇಳಿದವರ ನಿಜವಾದ ಅಭಿಪ್ರಾಯವೇ ಆಗಿರಬೇಕೆಂದು ಕೇಂದ್ರದ 2022ರ ಮಾರ್ಗಸೂಚಿಯೂ ಹೇಳುತ್ತದೆ. ಗಂಜಿಯ ವಾಕ್ಯವನ್ನು ಒಂಟಿಯಾಗಿ ನಿಲ್ಲಿಸಿದರೂ ಅರ್ಥ ಬದಲಾಗುವುದಿಲ್ಲ. ಅದನ್ನಷ್ಟೇ ತೆಗೆದುಕೊಂಡೆವು:

"ರಾತ್ರಿ ಹತ್ತೂವರೆಗೆ ಗಂಜಿ ಮಾಡಿಕೊಟ್ಟರು." (ಗೇಟು ತಪ್ಪಿ ತಂಗಿದ್ದ ಒಬ್ಬರು, ಗೂಗಲ್ ರಿವ್ಯೂ)

ಬಿಸಿನೀರು? 40ರಲ್ಲಿ 6 ಮಂದಿ ಅದೇ ದೂರು ಬರೆದಿದ್ದರು. ಅದನ್ನು ಮುಚ್ಚಿಟ್ಟರೆ ಏಳನೆಯವರೂ ಬಂದು ಅದನ್ನೇ ಬರೀತಾರೆ ಅಂದೆವು. ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಬಿಸಿನೀರು ಬೆಳಿಗ್ಗೆ ಆರರ ಮೇಲೆ ಅಂತ ಕೆಳ್ಗೆ ಹಾಕಿ" ಅಂದರು.

ಗೇಟು ತೆರೆಯುವುದೂ ಆರಕ್ಕೇ. ಮುಂಚೆ ಎದ್ದು ಕಾಯುವವರಿಗೆ ಅದು ಮೊದಲೇ ಗೊತ್ತಿದ್ದರೆ ಒಳ್ಳೇದಲ್ವಾ?