ಳಕಾರದ ಋಣ

ನನ್ನ ವರ್ಗಾವಣೆಗಳಿಂದಾಗಿ ಶಾಲೆಗಳನ್ನು ಬಿಟ್ಟುಬರುವುದಷ್ಟೇ ಮಗಳಿಗೆ ಗೊತ್ತಿತ್ತು. ಸೂರತ್ತಿನಲ್ಲಿ ಮೊದಲ ಬಾರಿಗೆ ಅವಳೇ ಬೀಳ್ಕೊಡಬೇಕಾಯಿತು. ಗುಜರಾತಿ ಕಲಿಸುತ್ತಿದ್ದ ಶಿಕ್ಷಕಿಗೆ ವಡೋದರಾಕ್ಕೆ ವರ್ಗವಾಗಿತ್ತು.

‘ಪರಮಪೂಜ್ಯ’, ‘ಚಿರಋಣಿ’ ಎಂದೆಲ್ಲ ತುಂಬಿದ್ದ ಮೊದಲ ಪತ್ರವನ್ನು ಅವಳೇ ಹರಿದುಹಾಕಿದಳು. ಅದು ಯಾವ ಗುರುವಿಗಾದರೂ ಸಲ್ಲುವಂತಿತ್ತು.

ಎರಡನೆಯದರಲ್ಲಿ ಇದ್ದುದು ಒಂದೇ ಸಂಗತಿ. ತನ್ನ ಊರು ಕಳಸ ಎಂದಾಗ, ಹಿಂದಿ ಮಾತಾಡುವ ಸಹಪಾಠಿಗಳು ‘ಕಲಸ’ ಎಂದು ನಕ್ಕಿದ್ದರು. ಶಿಕ್ಷಕಿ ಹಲಗೆಯ ಮೇಲೆ ಗುಜರಾತಿಯ ಳಕಾರವನ್ನು ಬರೆದು, “ಈ ಅಕ್ಷರ ನಮ್ಮಲ್ಲೂ ಇದೆ, ಬೇಟಾ” ಎಂದಿದ್ದರು.

ಗುಜರಾತಿಯಲ್ಲೇ ಬರೆದ ಪತ್ರದ ಕೊನೆಯ ಸಾಲು: “ಅಲ್ಲಿಯೂ ಹೊಸಬರ ಊರು ಕೇಳುವಿರಲ್ಲವೇ, ಬೆನ್?”

ಓದಿ ಮಡಿಚಿಟ್ಟೆ. ನನ್ನ ಮುಂದಿನ ವರ್ಗಾವಣೆಯ ಸುದ್ದಿಯನ್ನು ಅಂದು ಅವಳಿಗೆ ಹೇಳಲಾಗಲಿಲ್ಲ.